ಡಾಲರ್–ಯೆನ್ ಚಾರ್ಟಿನಲ್ಲಿ 152 ಎಂಬ ಗೆರೆ

ವಿದೇಶಿ ವಿನಿಮಯದ ಚಾರ್ಟಿನಲ್ಲಿ ಗೆರೆ ಎಳೆಯುವುದನ್ನು ಎಲ್ಲರೂ ಕಲಿಸುತ್ತಾರೆ, ಆದರೆ ಆ ಗೆರೆಯನ್ನು ಹಿಡಿದು ನಿಲ್ಲಿಸಿರುವುದು ಏನು ಎಂದು ಕೇಳುವವರು ಕಡಿಮೆ. ಡಾಲರ್–ಯೆನ್ ಜೋಡಿಯ 152ರ ಮಟ್ಟ, ಅಂದರೆ ಒಂದು ಡಾಲರಿಗೆ 152 ಯೆನ್ ಎಂಬ ಬೆಲೆ, ಇದಕ್ಕೆ ನಾನು ಕಂಡ ಅತ್ಯುತ್ತಮ ಉದಾಹರಣೆ.

2022ರ ಅಕ್ಟೋಬರಿನಲ್ಲಿ ಡಾಲರ್ 152ರ ಅಂಚಿಗೆ ಬಂದಾಗ ಜಪಾನ್ ಸರ್ಕಾರ ಡಾಲರ್ ಮಾರಿ ಯೆನ್ ಕೊಂಡಿತು. 2023ರ ನವೆಂಬರಿನಲ್ಲಿ ಬೆಲೆ ಮತ್ತೆ ಅಲ್ಲಿಯವರೆಗೆ ಬಂದು ಹಿಂದಿರುಗಿತು. ಸರ್ಕಾರ ಮತ್ತೆ ಮಧ್ಯಪ್ರವೇಶಿಸಬಹುದೆಂಬ ಭಯವೇ ಆ ರೆಸಿಸ್ಟೆನ್ಸ್‌ಗೆ, ಅಂದರೆ ಬೆಲೆಯನ್ನು ಮೇಲೇರದಂತೆ ತಡೆಯುವ ಗೆರೆಗೆ, ಬಲ ಕೊಟ್ಟಿತ್ತು ಎಂಬುದು ನನ್ನ ಅಭಿಪ್ರಾಯ.

2024ರ ಮಾರ್ಚ್ 19ರಂದು ಬ್ಯಾಂಕ್ ಆಫ್ ಜಪಾನ್ ಋಣಾತ್ಮಕ ಬಡ್ಡಿದರವನ್ನು ಕೊನೆಗೊಳಿಸಿ, 2007ರ ನಂತರ ಮೊದಲ ಬಾರಿಗೆ ದರ ಏರಿಸಿತು. ಬಡ್ಡಿ ಏರಿದರೆ ಕರೆನ್ಸಿ ಬಲಗೊಳ್ಳಬೇಕೆಂಬ ಪಾಠದ ಪ್ರಕಾರ ಯೆನ್ ಏರಬೇಕಿತ್ತು, ಆದರೆ ಕುಸಿಯಿತು. ಈ ನಿರ್ಧಾರವನ್ನು ಮಾರುಕಟ್ಟೆ ಮೊದಲೇ ನಿರೀಕ್ಷಿಸಿ ಬೆಲೆಯಲ್ಲಿ ಸೇರಿಸಿಕೊಂಡಿತ್ತು. ಅಲ್ಲದೆ ಹೊಸ ದರ ಶೇ. 0ರಿಂದ 0.1 ಆಗಿದ್ದರೆ ಅಮೆರಿಕದ ದರ ಶೇ. 5.25ರಿಂದ 5.50 ಇತ್ತು. ಯೆನ್ ಸಾಲ ಪಡೆದು ಡಾಲರ್ ಇಟ್ಟುಕೊಂಡವರಿಗೆ ಸಿಗುತ್ತಿದ್ದ ಲಾಭ ಹಾಗೆಯೇ ಉಳಿದಿತ್ತು. ಅಂದು ಯೂರೋ ಎದುರಿಗೂ ಯೆನ್ ಇಳಿದದ್ದರಿಂದ, ಅದು ಡಾಲರಿನ ಬಲವಲ್ಲ, ಯೆನ್ನಿನ ದೌರ್ಬಲ್ಯ ಎಂದು ತಿಳಿಯಬಹುದಿತ್ತು. ಇಷ್ಟಾದರೂ 152 ಮುರಿಯಲಿಲ್ಲ.

ಅದು ಮುರಿದದ್ದು ಏಪ್ರಿಲ್ 10ರಂದು. ಅಮೆರಿಕದ ಹಣದುಬ್ಬರ ನಿರೀಕ್ಷೆಗಿಂತ ಹೆಚ್ಚಾಗಿ ಶೇ. 3.5 ಎಂದು ಪ್ರಕಟವಾದಾಗ, ಜೂನ್‌ನಲ್ಲಿ ಫೆಡರಲ್ ರಿಸರ್ವ್ ದರ ಇಳಿಸುತ್ತದೆಂಬ ಆಸೆ ಕರಗಿತು. ಆ ದಿನ ಡಾಲರ್ ಯೂರೋ ಎದುರಿಗೂ ಜಿಗಿಯಿತು; ಯೂರೋ–ಯೆನ್ ಮಾತ್ರ ಹೆಚ್ಚು ಕದಲಲಿಲ್ಲ. ಅಂದರೆ ಈ ಬಾರಿಯ ಬಲ ಡಾಲರಿನದು. ಜೋಡಿಯ ಒಂದೇ ಚಾರ್ಟ್ ನೋಡಿದರೆ ಮಾರ್ಚ್ ಮತ್ತು ಏಪ್ರಿಲಿನ ಏರಿಕೆಗಳು ಒಂದೇ ಬಗೆಯವೆಂದು ತೋರುತ್ತವೆ. ಮೂರನೆಯ ಕರೆನ್ಸಿಯನ್ನು ಪಕ್ಕದಲ್ಲಿಟ್ಟಾಗಲೇ ವ್ಯತ್ಯಾಸ ಕಾಣುತ್ತದೆ.

ಮುರಿದ ಮೇಲೆ 152 ಸಪೋರ್ಟ್ ಆಯಿತು, ಅಂದರೆ ಇಳಿಯುವ ಬೆಲೆಯನ್ನು ಕೆಳಗಿನಿಂದ ಹಿಡಿದು ನಿಲ್ಲಿಸುವ ಗೆರೆ. ಮೇ ತಿಂಗಳ ಆರಂಭದಲ್ಲೂ ಜುಲೈ 25ರಂದೂ ಬೆಲೆ ಅದರ ಆಸುಪಾಸಿಗೆ ಇಳಿದು ಮೇಲೆದ್ದಿತು. ಪಠ್ಯಪುಸ್ತಕದಲ್ಲಿ ಹೇಳಿದಂತೆಯೇ ನಡೆದ ಈ ವರ್ತನೆಯನ್ನು ನಂಬಿ, ಮುಂದಿನ ಬಾರಿಯೂ ಅಲ್ಲಿಯೇ ಕೊಳ್ಳಬಹುದೆಂದು ಭಾವಿಸುವುದು ಸಹಜ. ಆದರೆ ಜುಲೈ 31ರಂದು ಬ್ಯಾಂಕ್ ಆಫ್ ಜಪಾನ್ ದರವನ್ನು ಶೇ. 0.25ಕ್ಕೆ ಏರಿಸಿತು, ಅದೇ ದಿನ ಫೆಡರಲ್ ರಿಸರ್ವ್ ಅಧ್ಯಕ್ಷ ಪೊವೆಲ್ ಸೆಪ್ಟೆಂಬರಿನಲ್ಲಿ ದರ ಇಳಿಸುವ ಸಾಧ್ಯತೆಯನ್ನು ಮುಕ್ತವಾಗಿರಿಸಿದರು. ಬಡ್ಡಿಯ ಅಂತರ ಎರಡೂ ತುದಿಗಳಿಂದ ಕಿರಿದಾಗುವ ನಿರೀಕ್ಷೆ ಹುಟ್ಟಿತು, ಯೂರೋ–ಯೆನ್ ಕೂಡ ಇಳಿಯಿತು, ಮತ್ತು 152 ನಿಲ್ಲಲಿಲ್ಲ. ಆಗಸ್ಟ್ 2ರಂದು ಅಮೆರಿಕದ ದುರ್ಬಲ ಉದ್ಯೋಗ ವರದಿಯೂ ಸೇರಿಕೊಂಡು, ಆಗಸ್ಟ್ 5ರಂದು ಡಾಲರ್ 142ಕ್ಕಿಂತ ಕೆಳಗೆ ಇಳಿದಿತ್ತು.