ಕಾಶಿ ವಿಮಾನದ ಟಿಕೆಟ್ ಒಬ್ಬರಿಗೆ ಅಂದರೆ 5,840 ರೂಪಾಯಿ, ನಾಲ್ವರಿಗೆ ಅಂದರೆ ತಲೆಗೆ 7,310. ಇದು ಯಾವ ಊರಿನ ಲೆಕ್ಕ?

ಕಮಿಷನ್ ಅಂತೆ! ನಾನು ಕಮಿಷನ್ ಹೊಡೆದೆನಂತೆ! ಅದೂ ಹೆತ್ತ ಅಪ್ಪ ಅಮ್ಮನ ಕಾಶಿ ಟಿಕೆಟಿನಲ್ಲಿ.

ಭಾವ ತಮಾಷೆಗೇ ಹೇಳಿದ್ದು, ಗೊತ್ತು. ಆದರೆ ಜಗಲಿ ತುಂಬ ಜನ ಕೂತಿರುವಾಗ, ಪಕ್ಕದ ಮನೆಯವರು ಕವಳ ಹಾಕುತ್ತಾ ಇದನ್ನೇ ನೋಡುತ್ತಿರುವಾಗ, "ಎಂತ ಮಾರಾಯ, ಗಂಟೆಯೊಳಗೆ ಆರು ಸಾವಿರ ಏರಿತಾ? ನಿನ್ನದೆಷ್ಟು ಅದರಲ್ಲಿ?" ಅಂತ ಕೇಳಿದರೆ ಅದು ತಮಾಷೆಯಾಗಿ ಉಳಿಯುತ್ತದಾ?

ಆಗಿದ್ದು ಇಷ್ಟೇ. ಅಪ್ಪ, ಅಮ್ಮ, ದೊಡ್ಡಪ್ಪ, ದೊಡ್ಡಮ್ಮ ನಾಲ್ವರೂ ಹೊರಟಿದ್ದರು. ಬೆಂಗಳೂರಿಂದ ಕಾಶಿಗೆ ಎಷ್ಟಾಗುತ್ತದೆ ನೋಡು ಅಂದರು. ನೋಡಿದೆ. ತೆರಿಗೆ ಎಲ್ಲ ಸೇರಿ 5,840. ದೊಡ್ಡಪ್ಪ ಪೆನ್ಸಿಲ್ ತೆಗೆದು ಹಳೇ ಪಂಚಾಂಗದ ಹಿಂದೆ ನಾಲ್ಕರಿಂದ ಗುಣಿಸಿದರು. 23,360. ಒಳಗೆ ಹೋದರು. ಗೋದ್ರೇಜ್ ಬೀರು ತೆಗೆದ ಶಬ್ದ ಕೇಳಿಸಿತು. ನೋಟನ್ನು ಎರಡು ಸಲ ಎಣಿಸಿ, ರಬ್ಬರ್ ಬ್ಯಾಂಡ್ ಸುತ್ತಿ, ಅರವತ್ತು ರೂಪಾಯಿಗೆ ಚಿಲ್ಲರೆಯನ್ನೂ ಹುಡುಕಿ ತಂದು ನನ್ನ ಮುಂದೆ ಇಟ್ಟರು. ಎಲ್ಲರೂ ನೋಡುತ್ತಿದ್ದಾರೆ. ನಾನು ದೊಡ್ಡ ಮನುಷ್ಯನ ಹಾಗೆ ಪ್ರಯಾಣಿಕರ ಸಂಖ್ಯೆಯನ್ನು ಒಂದರಿಂದ ನಾಲ್ಕು ಮಾಡಿದೆ. ಚಕ್ರ ತಿರುಗಿತು. ನಮ್ಮೂರ ನೆಟ್‌ವರ್ಕ್ ಗೊತ್ತಲ್ಲ, ತಿರುಗುತ್ತಲೇ ಇತ್ತು. ಆಮೇಲೆ ಬಂತು ನೋಡಿ: ತಲೆಗೆ 7,310. ಒಟ್ಟು 29,240.

ಅದೇ ವಿಮಾನ, ಅದೇ ದಿನ, ಅದೇ ಹೊತ್ತು.

ಏನೂ ಹೇಳಲಿಕ್ಕೆ ಬಾಯಿ ಬರಲಿಲ್ಲ. ದೊಡ್ಡಪ್ಪ ಕನ್ನಡಕ ಏರಿಸಿ ಪರದೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. "ಬೆಳಿಗ್ಗೆ ನೀನು ಸರಿಯಾಗಿ ನೋಡಿರಲಿಕ್ಕಿಲ್ಲ ಬಿಡು" ಅಂದರು, ಮೆತ್ತಗೆ. ಭಾವನ ಕಮಿಷನ್ ಮಾತಿಗಿಂತ ಈ ಮೆತ್ತಗಿನ ಮಾತೇ ಜಾಸ್ತಿ ಚುಚ್ಚಿತು. ನಾನು ಸರಿಯಾಗೇ ನೋಡಿದ್ದೆ! ಮತ್ತೆ ಒಬ್ಬರಿಗೆ ಅಂತ ಹಾಕಿ ತೋರಿಸಿದೆ. 5,840! ನಾಲ್ಕು ಹಾಕಿದರೆ 7,310! ತೋರಿಸಿದಷ್ಟೂ ನಾನೇ ಏನೋ ಕೈಚಳಕ ಮಾಡುತ್ತಿದ್ದೇನೆ ಅನ್ನುವ ಹಾಗೆ ನೋಡಿದರು. ಅಕ್ಕನ ಮಗ ಬೇರೆ, "ಮಾಮ, ನೀವು ಪದೇ ಪದೇ ನೋಡಿದ್ದಕ್ಕೆ ಅವರು ಏರಿಸಿದ್ದು, ಇನ್‌ಕಾಗ್ನಿಟೊದಲ್ಲಿ ನೋಡಿ" ಅಂದ. ನೋಡಿದೆ. ಅಲ್ಲೂ ಅಷ್ಟೇ. ನೋಡಿದ್ದಕ್ಕೆ ಏರಿಸಿದ್ದಾಗಿದ್ದರೆ ಒಬ್ಬರಿಗೆ ಹಾಕಿದಾಗಲೂ ಏರಿರಬೇಕಿತ್ತಲ್ಲ? ಇಳಿದು ಮತ್ತೆ ಹಳೇ ಬೆಲೆಗೆ ಯಾಕೆ ಬಂತು? ಹೀಗೆ ಇಳಿದು ಬಂದರೆ ಟಿಕೆಟ್ ದುಬಾರಿ ಆಗಿಲ್ಲ, ಎಣಿಕೆಯದೇ ಆಟ ಅಂತ ಅರ್ಥ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಟಿಕೆಟ್ ಮಾಡಿಕೊಡುವ ಗೆಳೆಯನೊಬ್ಬ ಇದ್ದಾನೆ. ಫೋನ್ ಮಾಡಿ ಬೈದೆ. ಅವನದೇನೂ ತಪ್ಪಿಲ್ಲ, ಯಾರಿಗಾದರೂ ಬೈಯಬೇಕಿತ್ತು. ಅವನು ನಕ್ಕು ತನ್ನ ಪರದೆಯಲ್ಲಿ ಕಾಣುವ ಸಾಲನ್ನು ಓದಿದ:

```
T2 R3 M9
```

ಇದರಲ್ಲಿ ಇದೆ ಗುಟ್ಟೆಲ್ಲ. ವಿಮಾನದ ಒಳಗೆ ಎಲ್ಲ ಸೀಟೂ ಒಂದೇ ಥರ ಕಂಡರೂ ಮಾರುವಾಗ ಒಂದೇ ಅಲ್ಲ. ಒಂದೊಂದು ದರಕ್ಕೆ ಒಂದೊಂದು ಅಕ್ಷರ. ಪಕ್ಕದ ಅಂಕಿ ಆ ದರದಲ್ಲಿ ಎಷ್ಟು ಸೀಟು ಕೊಡಬಹುದು ಅನ್ನುವುದು. ಯಾವ ಅಕ್ಷರ ಅಗ್ಗ, ಯಾವುದು ದುಬಾರಿ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಇಲ್ಲಿ T ಅಂದರೆ 5,840, ಅದರಲ್ಲಿ ಎರಡೇ ಬಾಕಿ. R ಅಂದರೆ 6,490, ಮೂರು. M ಅಂದರೆ 7,310, ಒಂಬತ್ತು. ಪರದೆ ಒಂಬತ್ತಕ್ಕಿಂತ ಹೆಚ್ಚು ತೋರಿಸುವುದಿಲ್ಲ, ಹಾಗಾಗಿ 9 ಅಂದರೆ ಒಂಬತ್ತೋ ಅದಕ್ಕಿಂತ ಜಾಸ್ತಿಯೋ ಅಂತ.

ಈಗ ನಾಲ್ಕು ಜನ ಒಟ್ಟಿಗೆ ಕೇಳಿದರೆ ಕಂಪ್ಯೂಟರ್ ಏನು ಮಾಡುತ್ತದೆ? ನಾಲ್ಕೂ ಸೀಟು ಒಂದೇ ಅಕ್ಷರದಲ್ಲಿ ಸಿಗಬೇಕು ಅಂತ ಹುಡುಕುತ್ತದೆ. T ಯಲ್ಲಿ ಎರಡೇ, ಸಾಲುವುದಿಲ್ಲ. R ನಲ್ಲಿ ಮೂರು, ಅದೂ ಸಾಲುವುದಿಲ್ಲ. M ನಲ್ಲಿ ಇದೆ. ನಾಲ್ವರಿಗೂ M. ಅಗ್ಗದ ಎರಡು ಸೀಟು ಅಲ್ಲೇ ಕೂತಿರುತ್ತದೆ, ನಮಗೆ ಮಾತ್ರ ಇಲ್ಲ.

ಅಡಿಕೆ ಮಂಡಿಯಲ್ಲಿ ಎರಡು ಚೀಲ ಹಳೇ ರೇಟಿನದು ಉಳಿದಿದೆ ಅಂತಿಟ್ಟುಕೊಳ್ಳಿ. ನಾಲ್ಕು ಚೀಲ ಕೇಳಿದವನಿಗೆ, "ಹಳೇದು ನಾಲ್ಕಿಲ್ಲ, ಹಾಗಾಗಿ ನಾಲ್ಕಕ್ಕೂ ಹೊಸ ರೇಟು ಕೊಡು" ಅಂದರೆ ಅವತ್ತೇ ಮಂಡಿಯಲ್ಲಿ ಗಲಾಟೆ ಆಗುತ್ತದೆ. ಇಲ್ಲಿ ನಾವು ಬಾಯಿ ಮುಚ್ಚಿಕೊಂಡು ಒಟಿಪಿ ಹಾಕುತ್ತೇವೆ.

ಸಿಟ್ಟು ಬರುವುದು ಬೆಲೆಗಲ್ಲ. ಅಗ್ಗದ ಸೀಟು ಮೊದಲು ಬಂದವರಿಗೆ, ಸರಿ, ಒಪ್ಪಿದೆ. ವ್ಯಾಪಾರ ಅಂದಮೇಲೆ ಅದೆಲ್ಲ ಇದ್ದದ್ದೇ. ಆದರೆ ಎರಡು ಸೀಟಿಗೆ ಒಂದು ದರ, ಇನ್ನೆರಡಕ್ಕೆ ಇನ್ನೊಂದು ದರ ಹಾಕಿ ಕೂಡಿಸಲಿಕ್ಕೆ ಏನು ಕಷ್ಟ? ನಮ್ಮೂರ ಸೊಸೈಟಿಯ ಹುಡುಗ ಕೈಯಲ್ಲೇ ಮಾಡುತ್ತಾನೆ ಆ ಲೆಕ್ಕ. "ಇಬ್ಬರಿಗೆ ಮಾತ್ರ ಈ ಬೆಲೆ, ಬೇರೆ ಬೇರೆ ಬುಕ್ ಮಾಡುತ್ತೀರಾ?" ಅಂತ ಒಂದು ಸಾಲು ಬರೆದರೂ ಸಾಕಿತ್ತು. ಆ ಕ್ಷೇತ್ರದಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ ಹೇಳಿ. ನಿಜವಾಗಿ ಕೇಳುತ್ತಿದ್ದೇನೆ. ಒಂದು ಬುಕಿಂಗಿಗೆ ಒಂದೇ ದರ ಅನ್ನುವುದು ಹಳೇ ಕಾಲದಿಂದ ಬಂದ ಪದ್ಧತಿ ಅಂತ ಗೆಳೆಯ ಹೇಳಿದ. ಹಳೇ ಪದ್ಧತಿ ಅಂದರೆ ಪ್ರಶ್ನೆ ಮಾಡಬಾರದಾ?

ಸರಿ, ಬೈದು ಬೈದು ಸುಸ್ತಾಯಿತು. ಆಗುವ ಕೆಲಸ ಹೇಳುತ್ತೇನೆ.

ನಾಲ್ಕು ಜನ ಇದ್ದರೂ ಮೊದಲು ಒಬ್ಬರಿಗೆ ಹುಡುಕಿ. ಆಮೇಲೆ ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ. ಒಟ್ಟು ಬೆಲೆ ನೋಡಬೇಡಿ, ತಲೆಗೆ ಎಷ್ಟು ಅಂತ ನೋಡಿ. ಯಾವ ಸಂಖ್ಯೆಯಲ್ಲಿ ಜಿಗಿಯುತ್ತದೋ ಅದರ ಹಿಂದಿನ ಸಂಖ್ಯೆಯಷ್ಟೇ ಅಗ್ಗದ ಸೀಟು ಉಳಿದಿದೆ ಅಂತ ಅರ್ಥ. ನಮಗೆ ಇಬ್ಬರವರೆಗೆ 5,840, ಮೂವರಿಗೆ 6,490, ನಾಲ್ವರಿಗೆ 7,310 ತೋರಿಸಿತು. ಏಜೆಂಟನ ಪರದೆ ಬೇಕಾಗಿಯೇ ಇರಲಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. R3 ಅನ್ನುವ ಮೂರರಲ್ಲಿ T ಯ ಎರಡೂ ಸಾಮಾನ್ಯವಾಗಿ ಸೇರಿಕೊಂಡಿರುತ್ತದೆ. ಎರಡು T ಹೋದರೆ R ನಲ್ಲಿ ಉಳಿಯುವುದು ಒಂದೇ. ಹಾಗಾಗಿ ಇಬ್ಬರನ್ನು ಬುಕ್ ಮಾಡಿ ಮತ್ತೆ ಇಬ್ಬರಿಗೆ ಹುಡುಕಿದರೆ 6,490 ಸಿಗುವುದಿಲ್ಲ, 7,310 ಬರುತ್ತದೆ. ಎರಡು ಮತ್ತು ಎರಡು ಅಂತ ಮಾಡಿದರೆ ಒಟ್ಟು 26,300. ಎರಡು, ಒಂದು, ಇನ್ನೊಂದು ಅಂತ ಮೂರು ಬುಕಿಂಗ್ ಮಾಡಿದರೆ 25,480. ಅಂದರೆ ಇನ್ನೂ 820 ಉಳಿಯುತ್ತಿತ್ತು.

ನಾನು 820 ಬಿಟ್ಟೆ. ಯಾಕೆಂದರೆ ಬೇರೆ ಬೇರೆ ಪಿಎನ್‌ಆರ್ ಅಂದರೆ ಕಂಪನಿಯ ಕಣ್ಣಿಗೆ ಅವರು ಒಂದೇ ಮನೆಯವರಲ್ಲ. ವಿಮಾನ ರದ್ದಾದರೆ ಒಂದು ಪಿಎನ್‌ಆರ್‌ನವರನ್ನು ಸಂಜೆಯದಕ್ಕೆ, ಇನ್ನೊಂದರವರನ್ನು ಮರುದಿನಕ್ಕೆ ಹಾಕಬಹುದು. ಹಿಂದಿ ಬಾರದ ಅಮ್ಮನನ್ನು ಒಬ್ಬಳೇ ಒಂದು ಪಿಎನ್‌ಆರ್‌ನಲ್ಲಿ ಬಿಟ್ಟು 820 ಉಳಿಸಿ ನಾನು ಏನು ಮಾಡಲಿ? ದೊಡ್ಡಪ್ಪ ದೊಡ್ಡಮ್ಮ ಒಂದು, ಅಪ್ಪ ಅಮ್ಮ ಒಂದು. ಒಬ್ಬರ ಚೀಲ ಭಾರವಾದರೆ ಇನ್ನೊಬ್ಬರ ಲೆಕ್ಕದಲ್ಲಿ ಹೊಂದಿಸುವುದೂ ಸಾಮಾನ್ಯವಾಗಿ ಒಂದೇ ಪಿಎನ್‌ಆರ್‌ ಇದ್ದರೆ ಮಾತ್ರ. ದೊಡ್ಡಮ್ಮ ಗಂಗಾಜಲದ ಕ್ಯಾನ್ ತರುವವರೇ, ಅದು ದೊಡ್ಡಪ್ಪನ ಪಾಲಿನಲ್ಲಿ ಬರಲಿ. ಚಿಕ್ಕ ಮಕ್ಕಳಿದ್ದರಂತೂ ದೊಡ್ಡವರೊಬ್ಬರ ಜೊತೆಗೇ ಹಾಕಬೇಕು, ಮಗುವಿಗೆ ಬೇರೆ ಬುಕಿಂಗ್ ಅಂತ ಯೋಚನೆಯೂ ಬೇಡ.

ಅಗ್ಗದ್ದನ್ನು ಮೊದಲು ಮುಗಿಸಿ, ದುಡ್ಡು ಕಟ್ಟಿ, ಆ ಕೂಡಲೇ ಎರಡನೆಯದಕ್ಕೆ ಹೋಗಿ. ನಡುವೆ ಕಾಫಿಗೆ ಎದ್ದು ಹೋದರೆ ಬೇರೆ ಯಾರೋ ಸೀಟು ತೆಗೆದುಕೊಂಡಿರುತ್ತಾರೆ. ಯಾರೂ ತೆಗೆಯದಿದ್ದರೆ ಹೆದರುವುದೇನಿಲ್ಲ, ನಾಲ್ವರಿಗೆ ತೋರಿಸಿದ ಬೆಲೆಗಿಂತ ಉಳಿದವರದು ಸಾಮಾನ್ಯವಾಗಿ ಮೇಲೆ ಹೋಗುವುದಿಲ್ಲ. ಇನ್ನೊಂದು: ದುಡ್ಡು ಕಟ್ಟುವ ಪುಟದವರೆಗೆ ಹೋಗಿ ವಾಪಸ್ ಬಂದರೆ ಕೆಲವು ಸಲ ನಿಮ್ಮ ಸೀಟನ್ನೇ ಸ್ವಲ್ಪ ಹೊತ್ತು ಹಿಡಿದಿಟ್ಟಿರುತ್ತಾರೆ. ಆಗ ಬೆಲೆ ಏರಿದ ಹಾಗೆ ಕಾಣುತ್ತದೆ. ಸ್ವಲ್ಪ ಕಾದು ನೋಡಿ. ಕನ್ವೀನಿಯೆನ್ಸ್ ಶುಲ್ಕ ತಲೆಗೆ ಲೆಕ್ಕವಾದರೆ ಒಡೆದು ಬುಕ್ ಮಾಡಿದರೂ ಅಷ್ಟೇ, ಬುಕಿಂಗಿಗೆ ಇಷ್ಟು ಅಂತಿದ್ದರೆ ಎರಡು ಸಲ ಕಟ್ಟಬೇಕು. ಕಾರ್ಡಿನ ಆಫರ್ ಇದ್ದರೆ ಅದಕ್ಕೆ ಹೆಚ್ಚಾಗಿ ಕನಿಷ್ಠ ಮೊತ್ತ ಇರುತ್ತದೆ, ಒಡೆದರೆ ತಪ್ಪಿಹೋಗಬಹುದು. ಕೊನೆಯ ಪುಟದ ಮೊತ್ತ ನೋಡಿಯೇ ಒತ್ತಿ.

ನಮ್ಮ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣಕ್ಕೆ ಬಂದು ಹೋಗುವ ಎಪ್ಪತ್ತು ಚಿಲ್ಲರೆ ಸೀಟಿನ ಪುಟ್ಟ ವಿಮಾನದಲ್ಲಿ ಈ ಜಿಗಿತ ಇನ್ನೂ ಬೇಗ ಬರುತ್ತದೆ. ಒಟ್ಟು ಸೀಟೇ ಕಡಿಮೆ, ಅದರಲ್ಲಿ ಅಗ್ಗದ್ದು ಎಷ್ಟು ಇರಬಹುದು?

ಕೊನೆಗೆ 26,300 ಆಯಿತು. 2,940 ಉಳಿಸಿದೆ. ಅದಕ್ಕೆ ಒಂದು ಶಹಭಾಸ್ ಬಂತಾ? ಇಲ್ಲ. ಈಗ ಹೊಸ ತಕರಾರು: ಅಗ್ಗದ ಟಿಕೆಟ್ ಯಾರಿಗೆ, ದುಬಾರಿಯದು ಯಾರಿಗೆ? ದೊಡ್ಡಪ್ಪ ದೊಡ್ಡವರು ಅಂತ ಅಗ್ಗದ್ದು ಅವರ ಹೆಸರಿಗೆ ಹಾಕಿದ್ದೆ. "ತಮ್ಮನಿಗಿಂತ ಕಡಿಮೆ ದುಡ್ಡಿನ ಟಿಕೆಟಲ್ಲಿ ನಾನು ಯಾಕೆ ಹೋಗಲಿ?" ಅಂತ ಅವರು! ಎಲ್ಲ ಕೂಡಿಸಿ ನಾಲ್ಕರಿಂದ ಭಾಗಿಸಿ ತಲೆಗೆ 6,575 ಅಂದೆ. ಪಂಚಾಂಗದ ಹಿಂದೆ ಮತ್ತೆ ಲೆಕ್ಕ ಹಾಕಿ, ಮೊದಲು ಕೊಟ್ಟ 23,360 ಕಳೆದು, ಬಾಕಿ 2,940 ತಂದುಕೊಟ್ಟರು. ವಾಪಸ್ ಬರುವ ಟಿಕೆಟ್ ಇನ್ನೂ ಆಗಿಲ್ಲ. ಅದನ್ನು ಭಾವನೇ ಮಾಡಲಿ.