ಪರ–ವಿರೋಧ: ಒಂದೇ ಕಾರ್ಖಾನೆ ಇರುವಲ್ಲಿ ಕಬ್ಬಿಗೆ ಕಾನೂನಿನ ಕನಿಷ್ಠ ಬೆಲೆ ಬೇಕೇ?

ಪರ: ಕೊಳ್ಳುವವನು ಒಬ್ಬನೇ ಆದಾಗ

ಕಬ್ಬಿಗೆ ಸರ್ಕಾರ ಬೆಲೆ ಕಟ್ಟಿದರೆ ಮಾರುಕಟ್ಟೆ ಕೆಡುತ್ತದೆ ಎನ್ನುವವರು ಮೊದಲು ಆ ಮಾರುಕಟ್ಟೆ ಎಲ್ಲಿದೆ ಎಂದು ತೋರಿಸಬೇಕು. ಕಡಿದ ಕಬ್ಬನ್ನು ಒಂದು ದಿನದೊಳಗೆ ನುರಿಸದಿದ್ದರೆ ಅದರ ಸಕ್ಕರೆ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗತೊಡಗುತ್ತದೆ, ಹಾಗೆ ಒಡೆದದ್ದು ಮತ್ತೆ ಹರಳುಗಟ್ಟುವುದಿಲ್ಲ. ಹತ್ತು ಟನ್ ಕಬ್ಬು ಸಾಗಿಸಿದರೆ ಸಿಗುವುದು ಸುಮಾರು ಒಂದು ಟನ್ ಸಕ್ಕರೆ. ಬಾಡಿಗೆಯ ಬಹುಪಾಲು ನೀರಿಗೂ ಸಿಪ್ಪೆಗೂ ಹೋಗುತ್ತದೆ. ಹೀಗಾಗಿ ದೂರದ ಇನ್ನೊಂದು ಕಾರ್ಖಾನೆ ನಕ್ಷೆಯಲ್ಲಿದ್ದರೂ ರೈತನ ಪಾಲಿಗೆ ಇಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಟನ್ ಕಬ್ಬು ಕಾರ್ಖಾನೆಗೆ 100ರಷ್ಟು ಬೆಲೆಬಾಳುತ್ತದೆ. ಟನ್ನಿಗೆ ಪ್ರತಿ ಕಿಲೋಮೀಟರಿಗೆ 1ರಂತೆ ಸಾಗಣೆ ವೆಚ್ಚ ರೈತನದು. ಎಲ್ಲ ಕಳೆದು ಕೈಗೆ 70 ಉಳಿಯದಿದ್ದರೆ ಅವನು ಬೇರೆ ಬೆಳೆಗೆ ಹೋಗುತ್ತಾನೆ. ಕಾರ್ಖಾನೆ ಪೂರ್ತಿ 100 ಕೊಟ್ಟರೆ 30 ಕಿಲೋಮೀಟರ್ ದೂರದೊಳಗಿನವರೆಲ್ಲ ಕಬ್ಬು ನೆಡುತ್ತಾರೆ. ಆದರೆ ಪೈಪೋಟಿಯೇ ಇಲ್ಲದ ಕಾರ್ಖಾನೆ ತನ್ನ ಲಾಭ ಅತಿ ಹೆಚ್ಚಾಗುವ ಬೆಲೆಯನ್ನು ಹುಡುಕುತ್ತದೆ, ಮತ್ತು ಅದು 90. ಆಗ ಟನ್ನಿಗೆ 10 ಉಳಿಯುತ್ತದೆ, ಕಬ್ಬು 20 ಕಿಲೋಮೀಟರಿನೊಳಗಿಂದ ಮಾತ್ರ ಬರುತ್ತದೆ. ವಿಸ್ತೀರ್ಣ ದೂರದ ವರ್ಗದಷ್ಟು ಬೆಳೆಯುವುದರಿಂದ 900 ಪಾಲಿನ ಜಾಗದಲ್ಲಿ 400 ಪಾಲು ಉಳಿಯಿತು. 20ರಿಂದ 30 ಕಿಲೋಮೀಟರಿನ ಪಟ್ಟಿಯ ಹೊಲಗಳಲ್ಲಿ ಕಬ್ಬು ಬೆಳೆದಿದ್ದರೆ ಬರುತ್ತಿದ್ದ ಗಳಿಕೆ ರೈತನಿಗೂ ಸೇರಲಿಲ್ಲ, ಕಾರ್ಖಾನೆಗೂ ಸೇರಲಿಲ್ಲ. ಕೊಳ್ಳುವವನು ಒಬ್ಬನೇ ಇರುವ ಏಕಕ್ರೇತೃ ಮಾರುಕಟ್ಟೆ ಇಡೀ ಪ್ರದೇಶಕ್ಕೆ ಮಾಡುವ ನಷ್ಟ ಇದೇ.

ಈಗ ಕಾನೂನು 95ಕ್ಕೆ ಕನಿಷ್ಠ ಬೆಲೆ ಕಟ್ಟಲಿ. ಬೆಲೆ ಏರಿದರೆ ಕೊಳ್ಳುವುದು ತಗ್ಗುತ್ತದೆ ಎಂಬ ಪಾಠ ಇಲ್ಲಿ ತಲೆಕೆಳಗಾಗುತ್ತದೆ: ಟನ್ನಿಗೆ ಇನ್ನೂ 5 ಉಳಿಯುವುದರಿಂದ ಕಾರ್ಖಾನೆ ಬಂದ ಕಬ್ಬನ್ನೆಲ್ಲ ಕೊಳ್ಳುತ್ತದೆ, 25 ಕಿಲೋಮೀಟರಿನವರೆಗೂ ಕಬ್ಬು ನಿಲ್ಲುತ್ತದೆ, 400 ಪಾಲು 625 ಆಗುತ್ತದೆ. ಬೆಲೆಯೂ ಹೆಚ್ಚು, ಕಬ್ಬೂ ಹೆಚ್ಚು.

ಇದಕ್ಕಿಂತ ಕೆಟ್ಟ ಸ್ಥಿತಿ ನೆಟ್ಟ ಮೇಲಿನದು. ಒಮ್ಮೆ ನೆಟ್ಟು, ಕಡಿದ ಬುಡದಿಂದಲೇ ಮತ್ತೆ ಚಿಗುರುವ ಎರಡು ಮೂರು ಕೂಳೆ ಬೆಳೆ ತೆಗೆಯಬೇಕೆಂದಿರುವ ರೈತನಿಗೆ 70ರ ಬೇರೆ ದಾರಿಯೂ ಉಳಿದಿರುವುದಿಲ್ಲ. ನಿಂತ ಕಬ್ಬಿನ ಎದುರು ಕಾರ್ಖಾನೆ 75 ಎಂದರೂ ಅವನು ಕಡಿಯಲೇಬೇಕು. ನಾಟಿಗೆ ಮೊದಲೇ ಪ್ರಕಟವಾದ ಕನಿಷ್ಠ ಬೆಲೆ ಅಲ್ಲದೆ ಇದಕ್ಕೆ ತಡೆ ಯಾವುದಿದೆ?

ವಿರೋಧ: ಬೆಲೆಯ ಪಟ್ಟಿ ತೂಗುವುದಿಲ್ಲ

ಈ ಪಕ್ಷವನ್ನು ನನಗೆ ವಹಿಸಿದ್ದಾರೆ, ಬರೆಯುತ್ತೇನೆ. ಎದುರು ಪಕ್ಷದವರ ರೈತರು ಕೈವಾರದಲ್ಲಿ ಎಳೆದ ವೃತ್ತದೊಳಗೆ ವಾಸಿಸುವವರು. ನಾನು ಕಂಡವರು ಕೆಸರಿನ ದಾರಿಯಲ್ಲಿ ಟ್ರ್ಯಾಕ್ಟರ್ ಹೂತುಹೋಗಿ ಕುಳಿತವರು. ಬೆಲೆಯನ್ನು 95 ಎಂದು ಕಟ್ಟಲು ಆ 100 ಎಷ್ಟೆಂದು ಗೊತ್ತಿರಬೇಕು, ಮತ್ತು ಅದು ಸಕ್ಕರೆಯ ಪೇಟೆಯೊಂದಿಗೆ ಪ್ರತಿ ವರ್ಷ ಏರಿಳಿಯುತ್ತದೆ. ಸಕ್ಕರೆ ಕುಸಿದ ವರ್ಷ ಅದೇ ಬೆಲೆ ಬಾಕಿಯಾಗುತ್ತದೆ. ಭಾರತದ 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ. ಆದರೂ ಬಾಕಿಯ ಸುದ್ದಿ ಇಲ್ಲದ ಹಂಗಾಮು ಅಪರೂಪ. ಬ್ರೆಜಿಲ್‌ನ ಸಾವೊ ಪಾವ್ಲೊದಲ್ಲಿ ಬೆಳೆಗಾರರೂ ಕಾರ್ಖಾನೆಗಳೂ ಕೂಡಿ ನಡೆಸುವ ಕೋನ್ಸೆಕಾನಾ ಎಂಬ ಮಂಡಳಿ, ಕಬ್ಬಿನಿಂದ ತೆಗೆಯಬಹುದಾದ ಸಕ್ಕರೆಯ ಅಂಶವನ್ನೂ ಸಕ್ಕರೆ ಮತ್ತು ಎಥನಾಲ್ ಪೇಟೆಯನ್ನೂ ನೋಡಿ ಬೆಲೆ ಲೆಕ್ಕ ಹಾಕುತ್ತದೆ. ನನಗೆ ಅದು ಹೆಚ್ಚು ಒಪ್ಪಿಗೆ.

ನಾನು ಒಂದು ಕಾರ್ಖಾನೆಯ ಕಬ್ಬು ವಿಭಾಗದಲ್ಲಿ ಕೆಲವು ಹಂಗಾಮು, ಯಾರ ಕಬ್ಬನ್ನು ಯಾವ ದಿನ ಕಡಿಯಬೇಕೆಂದು ಹೇಳುವ ಕಟಾವು ಚೀಟಿ ಬರೆದವನು. ಕನಿಷ್ಠ ಬೆಲೆ ಅಲ್ಲೂ ಇತ್ತು, ಗೋಡೆಗೆ ಅಂಟಿಸಿದ್ದೆವು. ಬೆಲೆಯಲ್ಲಿ ಉಳಿಸಲಾಗದ್ದನ್ನು ನಮ್ಮವರು ದಿನಾಂಕದಲ್ಲಿ ಉಳಿಸುತ್ತಿದ್ದರು. ತಕರಾರು ಮಾಡುವವರ ಚೀಟಿ ತಡವಾಗುತ್ತಿತ್ತು. ಒಮ್ಮೆ ಒಬ್ಬ ಹಿರಿಯರ ಎರಡು ಗಾಡಿ ಕಬ್ಬು ಅಂಗಳದಲ್ಲಿ ಮೂರು ದಿನ ಬಿಸಿಲಿಗೆ ನಿಂತಿತು. ಗಣಿಕೆಗಳ ತುದಿ ಒಣಗಿ ಬಿರಿದಿತ್ತು, ಕಡಿದ ಬಾಯಲ್ಲಿ ಹುಳಿ ವಾಸನೆ. ಒಣಗಿದ ಕಬ್ಬಿನ ತೂಕ ಹೇಗೂ ಇಳಿದಿತ್ತು. ಅದರ ಮೇಲೆ ರವದಿಯ, ಅಂದರೆ ಒಣ ಎಲೆಯ, ಹೆಸರಿನಲ್ಲಿ ಇನ್ನಷ್ಟು ಮುರಿದುಕೊಂಡರು. ಉಳಿದ ಪ್ರತಿ ಟನ್ನಿಗೂ ಕಾನೂನಿನ ಬೆಲೆಯನ್ನು ಒಂದು ಪೈಸೆ ಬಿಡದೆ ಬರೆದುಕೊಟ್ಟೆ.

ಆ ಬೆಲೆಯೂ ಇಲ್ಲದಿದ್ದರೆ ಅವರಿಗೆ ಒಳ್ಳೆಯದಾಗುತ್ತಿತ್ತೇ ಎಂದು ಕೇಳಬೇಡಿ, ಆ ಪ್ರಶ್ನೆ ನನ್ನ ಪಕ್ಷದ್ದಲ್ಲ. ರಸೀದಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ ಅವರು, “ಮುಂದಿನ ಚೀಟಿ ಯಾವಾಗ ಕೊಡ್ತೀರಿ ಸಾಹೇಬ್ರೆ?” ಎಂದಷ್ಟೇ ಕೇಳಿದರು.