ಪೂರ್ಣ ವೆಚ್ಚದ ಮೇಲೆ ಲಾಭ ಸೇರಿಸುವ ಲೆಕ್ಕ ಎಲ್ಲಿ ದಾರಿ ತಪ್ಪಿಸುತ್ತದೆ

"ಬಾಡಿಗೆ, ಸಂಬಳ ಎಲ್ಲ ಹಂಚಿ ಅಸಲು ತೆಗೆದು, ಮೇಲೆ 20% ಇಟ್ಟು ಮಾರುತ್ತೇನೆ. ಆದರೂ ಲಾಭ ಇಳಿಯುತ್ತಿದೆ, ಯಾಕೆ?"

ತೊಂದರೆ ಇರುವುದು ಆ ಹಂಚಿಕೆಯಲ್ಲೇ. ಒಂದೇ ವಸ್ತು ಮಾರುವ ಅಂಗಡಿ ಅಂತಿಟ್ಟುಕೊಳ್ಳಿ. ಖರೀದಿ ದರ 60, ತಿಂಗಳ ಸ್ಥಿರ ಖರ್ಚು 40,000. ತಿಂಗಳಿಗೆ 1,000 ಮಾರಿದರೆ ಒಂದಕ್ಕೆ 40 ಬೀಳುತ್ತದೆ. ಅಸಲು 100, ಬೆಲೆ 120. ಮಾರಾಟ 800ಕ್ಕೆ ಇಳಿದರೆ ಅದೇ ಖರ್ಚು ಒಂದಕ್ಕೆ 50 ಆಗಿ, ಅಸಲು 110, ಬೆಲೆ 132 ಆಗುತ್ತದೆ. ಅಂದರೆ ಗಿರಾಕಿ ಕಡಿಮೆಯಾದಾಗಲೇ ಬೆಲೆ ಏರಿಸಿ ಅನ್ನುತ್ತದೆ ಈ ಸೂತ್ರ! ಏರಿಸಿದ ಮೇಲೆ 640 ಮಾತ್ರ ಹೋದರೆ, 120ರ ಬೆಲೆಗೆ 800 ಮಾರಿದಾಗ ಇದ್ದ 8,000 ಲಾಭ 6,080ಕ್ಕೆ ಕುಸಿಯುತ್ತದೆ. ಮುಂದಿನ ಸಲ ಸೂತ್ರ ಕೊಡುವ ಬೆಲೆ 147.

ಬದಲಿಗೆ 110ಕ್ಕೆ ಇಳಿಸಿ ಮತ್ತೆ 1,000 ಮಾರಲು ಸಾಧ್ಯವಿದ್ದರೆ? ನಿಮ್ಮ ಪುಸ್ತಕದಲ್ಲಿ ಅದು "ಅಸಲಿಗೇ ಮಾರಿದ" ಹಾಗೆ ಕಾಣುತ್ತದೆ. ಆದರೆ ಒಂದೊಂದರಲ್ಲೂ ಖರೀದಿ ದರ ಕಳೆದು 50 ಉಳಿಯುತ್ತದೆ; ಒಟ್ಟು 50,000, ಬಾಡಿಗೆ-ಸಂಬಳ ಕಳೆದು 10,000 ಲಾಭ.

ಆದ್ದರಿಂದ ಬೆಲೆ ನಿರ್ಧರಿಸುವಾಗ ಮೊದಲು ನೋಡಬೇಕಾದದ್ದು ಈ ಉಳಿಕೆ, ಮತ್ತು ಯಾವ ಬೆಲೆಗೆ ಎಷ್ಟು ಹೋಗುತ್ತದೆ ಎಂಬ ಅಂದಾಜು. ಎರಡನೆಯದು ಕಷ್ಟದ ಕೆಲಸ, ಒಪ್ಪುತ್ತೇನೆ. ಕೆಲವೇ ವಸ್ತುಗಳಲ್ಲಿ ಒಂದೆರಡು ತಿಂಗಳು ಬೆಲೆ ಬದಲಿಸಿ ನೋಡಿ.

ಹಾಗಂತ 65ಕ್ಕೂ ಮಾರಬಹುದು ಅಂದುಕೊಳ್ಳಬೇಡಿ. ಉಳಿಕೆ 5 ಮಾತ್ರವಾದರೆ 40,000 ತುಂಬಲು 8,000 ವಸ್ತು ಮಾರಬೇಕು. ಖಾಲಿ ಕೂತ ಸಮಯದಲ್ಲಿ ಬಂದ ಸಗಟು ಆರ್ಡರಿಗೆ ಕಡಿಮೆ ದರ ಕೊಡಬಹುದು, ದಿನದ ಗಿರಾಕಿಗಳೂ ಅದೇ ದರ ಕೇಳುವಂತಾಗದಿದ್ದರೆ ಮಾತ್ರ.